ಚಿಟ್ಟೆ ನೋಡಿ ಪಾರಿವಾಳ ಅನ್ನುವ ಮೀಮ್: ಹೆಸರು ಎಲ್ಲಿ ಬರೆಯಬೇಕು?

"ಚಿಟ್ಟೆ ಮೇಲೆ ಏನು ಬರೆಯಬೇಕು, ಕೆಳಗೆ ಏನು ಬರೆಯಬೇಕು? ನಾನು ಮಾಡಿದ್ದು ಯಾರಿಗೂ ಅರ್ಥ ಆಗಲಿಲ್ಲ."

ಈ ಚಿತ್ರದಲ್ಲಿ ಒಬ್ಬ ಹುಡುಗ ಚಿಟ್ಟೆಯನ್ನು ತೋರಿಸಿ "ಇದು ಪಾರಿವಾಳವಾ?" ಅಂತ ಕೇಳುತ್ತಾನೆ. ಚಿಟ್ಟೆ ಮೇಲೆ ನಿಜವಾದ ವಸ್ತು, ಹುಡುಗನ ಮೇಲೆ ತಪ್ಪು ತಿಳಿದವರ ಹೆಸರು, ಕೆಳಗೆ ತಪ್ಪು ಹೆಸರು, ಅದೂ ಪ್ರಶ್ನೆಯ ರೂಪದಲ್ಲಿ. ಜಾಸ್ತಿ ಜನ ಎಡವುವುದು ತಪ್ಪು ಹೆಸರನ್ನೇ ಚಿಟ್ಟೆ ಮೇಲೆ ಬರೆದು. ಆಗ ನೋಡುವವರಿಗೆ ನಿಜ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ನಾನು ಹುಬ್ಬಳ್ಳಿಯವನು, ಇಲ್ಲಿನದೇ ಉದಾಹರಣೆ ಕೊಡುತ್ತೇನೆ. ಹುಡುಗ: ಬೆಂಗಳೂರಿನಿಂದ ಬಂದ ಗೆಳೆಯ. ಚಿಟ್ಟೆ: ಗಿರ್ಮಿಟ್. ಕೆಳಗೆ: "ಇದು ಚುರುಮುರಿಯಾ?" ಎರಡರಲ್ಲೂ ಮಂಡಕ್ಕಿ ಇದೆ, ಈರುಳ್ಳಿ ಇದೆ, ಆದರೆ ಗಿರ್ಮಿಟ್‌ಗೆ ಹುಣಸೆಹಣ್ಣು, ಬೆಲ್ಲ ಹಾಕಿ ಕುದಿಸಿದ ಗೊಜ್ಜು, ಪುಟಾಣಿ ಹಿಟ್ಟು ಬೇಕು, ಅದು ಅವನ ಕಣ್ಣಿಗೆ ಬೀಳಲಿಲ್ಲ. ಅವನು ದಡ್ಡನಲ್ಲ, ತನಗೆ ಗೊತ್ತಿದ್ದ ಹೆಸರನ್ನು ತಂದು ಇಟ್ಟ, ಅಷ್ಟೇ ಅಲ್ವಾ?

ಮೂಲ ಚಿತ್ರದಲ್ಲೂ ಹಾಗೇ ಇದೆ. ಅದು 1991ರ ಜಪಾನಿ ಕಾರ್ಟೂನ್ ಸರಣಿಯದು, ಆ ಹುಡುಗ ಮನುಷ್ಯನಲ್ಲ, ಭೂಮಿಯನ್ನು ಈಗಷ್ಟೇ ಅರಿಯುತ್ತಿರುವ ಆಂಡ್ರಾಯ್ಡ್, ಅಂದರೆ ಮನುಷ್ಯನ ಹಾಗೆ ಕಾಣುವ ರೋಬೋಟ್. ಹಾರುವುದು ಕಂಡಿತು, ಹಾರುವುದಕ್ಕೆ ಗೊತ್ತಿದ್ದ ಹೆಸರು ಹೇಳಿದ. ಅದಕ್ಕೇ ಬೇಕಂತಲೇ ಸುಳ್ಳು ಹೇಳುವವರಿಗೆ ಈ ಚಿತ್ರ ಹೊಂದುವುದಿಲ್ಲ, ಅವರಿಗೆ ಬೇರೆ ಮೀಮ್ ಹುಡುಕಿ.