ಹಿರಿಯರಿಗೆ ಮೊದಲ ಸೀಟು

ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಹಿರಿಯ ನಾಗರಿಕರಿಗೆ ಸೀಟು ಮೀಸಲು ಎಂದು ಬರೆದಿರುತ್ತದೆ. ಅದರಲ್ಲಿ ಕಾಲೇಜು ಹುಡುಗರು ಕೂತು ಮೊಬೈಲ್ ನೋಡುತ್ತಿರುತ್ತಾರೆ, ಆ ಮಾತು ಬೇರೆ. ಹಿರಿತನಕ್ಕೆ ನಿಜವಾದ ಮರ್ಯಾದೆ ಸಿಕ್ಕಿದ್ದು ನೀಟ್ ಪರೀಕ್ಷೆಯಲ್ಲಿ. 2020ರಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರಿಗೂ 720ಕ್ಕೆ 720 ಬಂತು. ಹುಡುಗನಿಗೆ ಮೊದಲ ರ‍್ಯಾಂಕ್, ಹುಡುಗಿಗೆ ಎರಡನೆಯದು. ಅವಳ ತಪ್ಪೇನು ಅಂದಿರಾ? ತಡವಾಗಿ ಹುಟ್ಟಿದ್ದು.

ಅಧಿಕಾರಿಗಳನ್ನು ಸುಮ್ನೆ ಬೈಯಬೇಡಿ. ಅವರು ನಿಯಮದ ಪ್ರಕಾರ ಒಂದೊಂದೇ ಮೆಟ್ಟಿಲು ಇಳಿದು ಬಂದಿದ್ದರು. ಒಟ್ಟು ಅಂಕ ಸಮ ಆದರೆ ಜೀವಶಾಸ್ತ್ರದಲ್ಲಿ ಯಾರಿಗೆ ಜಾಸ್ತಿ ನೋಡಬೇಕಿತ್ತು. ಅದೂ ಸಮ ಆದರೆ ರಸಾಯನಶಾಸ್ತ್ರ. ಆಮೇಲೆ ಯಾರ ತಪ್ಪು ಉತ್ತರ ಕಡಿಮೆ ಅಂತ. ಕೊನೆಗೆ ವಯಸ್ಸು. ಆದರೆ 720 ತೆಗೆದವರಿಗೆ ಜೀವಶಾಸ್ತ್ರದಲ್ಲಿ 360 ಬಂದೇ ಬಂದಿರುತ್ತದೆ, ರಸಾಯನಶಾಸ್ತ್ರದಲ್ಲಿ 180 ಇದ್ದೇ ಇರುತ್ತದೆ, ತಪ್ಪು ಸೊನ್ನೆ. ಅಂದರೆ ಪೂರ್ತಿ ಅಂಕ ತೆಗೆದವರ ಮಟ್ಟಿಗೆ ಮೊದಲ ಮೂರು ಮೆಟ್ಟಿಲು ಬರೀ ಅಲಂಕಾರಕ್ಕೆ. ಎಲ್ಲರಿಗಿಂತ ಚೆನ್ನಾಗಿ ಓದಿದವರ ಜಗಳವನ್ನು ಮಾತ್ರ ಓದಿನಿಂದ ಬಿಡಿಸಲು ಆಗುವುದಿಲ್ಲ, ಜನನ ಪ್ರಮಾಣಪತ್ರವೇ ಬರಬೇಕಾಯಿತು.

2023ರ ಹೊತ್ತಿಗೆ ಈ ಪಟ್ಟಿ ಇನ್ನೂ ಉದ್ದವಾಗಿತ್ತು. ಜೀವಶಾಸ್ತ್ರ, ರಸಾಯನಶಾಸ್ತ್ರ ಆದಮೇಲೆ ಭೌತಶಾಸ್ತ್ರವನ್ನೂ ನೋಡಬೇಕು ಅಂತ ಸೇರಿಸಿದ್ದರು. ಒಂದು ನಿಮಿಷ ನಿಲ್ಲಿ. ಇರುವುದೇ ಮೂರು ವಿಷಯ. ಇಬ್ಬರ ಒಟ್ಟು ಅಂಕ ಒಂದೇ, ಜೀವಶಾಸ್ತ್ರ ಒಂದೇ, ರಸಾಯನಶಾಸ್ತ್ರವೂ ಒಂದೇ ಅಂದಮೇಲೆ ಉಳಿದ ಭೌತಶಾಸ್ತ್ರ ಬೇರೆ ಆಗುವುದು ಹೇಗೆ? ಐದನೇ ಕ್ಲಾಸಿನ ಕಳೆಯುವ ಲೆಕ್ಕ ಇದು. ದೇಶದ ಅತಿ ದೊಡ್ಡ ಪರೀಕ್ಷೆಯೊಂದರ ನಿಯಮದಲ್ಲಿ, ಎಂದೂ ಯಾರನ್ನೂ ಬೇರೆ ಮಾಡಲಾರದ ಒಂದು ಸಾಲು ಗಂಭೀರವಾಗಿ ಕೂತಿತ್ತು. ಲೆಕ್ಕ ಗೊತ್ತಿದ್ದವರು ಬಹುಶಃ ಇಂಜಿನಿಯರಿಂಗ್ ಕಡೆ ಹೋಗಿದ್ದರೇನೋ.

ತಪ್ಪು ಉತ್ತರದ ಮೆಟ್ಟಿಲು ಮಾತ್ರ ಕೆಲಸ ಮಾಡುತ್ತದೆ. ಯಾರ ಪರವಾಗಿ ಅಂತ ನೋಡಿ. ಭೌತಶಾಸ್ತ್ರದಲ್ಲಿ 45 ಪ್ರಶ್ನೆ, ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ಒಬ್ಬಳು 40 ಸರಿ ಮಾಡಿ, 5 ಬಿಟ್ಟು ಎದ್ದು ಬಂದಳು: 160. ಇನ್ನೊಬ್ಬಳು ಎಲ್ಲಕ್ಕೂ ಉತ್ತರ ಬರೆದಳು, 41 ಸರಿ, 4 ತಪ್ಪು: 164ರಲ್ಲಿ 4 ಹೋಗಿ ಅದೇ 160. ಉಳಿದ ಎರಡು ವಿಷಯದಲ್ಲಿ ಇಬ್ಬರದೂ ಒಂದೇ ಥರದ ಉತ್ತರ ಅಂದುಕೊಳ್ಳಿ. ಒಂದು ಪ್ರಶ್ನೆ ಜಾಸ್ತಿ ಗೊತ್ತಿದ್ದವಳು ಹಿಂದೆ, ಕೈ ಕಟ್ಟಿ ಕೂತವಳು ಮುಂದೆ. ಗೊತ್ತಿಲ್ಲದ್ದಕ್ಕೆ ಕೈ ಹಾಕದ ಡಾಕ್ಟರ್ ಒಳ್ಳೆಯವರು ಅಂತ ಇದನ್ನು ಸಮರ್ಥಿಸಬಹುದು. ಒಪ್ಪೋಣ. ಆದರೆ ಆ ತಪ್ಪಿಗೆ ಒಮ್ಮೆ ಅಂಕ ಕಡಿದಾಗಿದೆ, ಈಗ ರ‍್ಯಾಂಕೂ ಕಡಿಯುತ್ತಿದ್ದೀರಿ, ಅಲ್ವಾ?

ಇನ್ನು ವಯಸ್ಸು. ದಾಖಲೆಯ ವಯಸ್ಸು ಅಂದರೆ ನಮ್ಮ ಹಳ್ಳಿಗಳ ಮೇಷ್ಟ್ರುಗಳಿಗೆ ನಗು ಬರುತ್ತದೆ. ಮಗು ಶಾಲೆಗೆ ಬಂದ ದಿನ ತಂದೆಗೆ ಹುಟ್ಟಿದ ತಾರೀಕು ನೆನಪಿಲ್ಲ, 'ಗೌರಿ ಹಬ್ಬದ ಹಿಂದೆಮುಂದೆ ಸಾರ್' ಅಂದರೆ, ಮೇಷ್ಟ್ರು ಜೂನ್ 1 ಅಂತ ಬರೆದು ಕೈ ತೊಳೆದುಕೊಂಡ ಕಾಲವೊಂದಿತ್ತು. ಇನ್ನು ಕೆಲವರು ಬೇಕೆಂದೇ ಒಂದು ವರ್ಷ ಕಡಿಮೆ ಬರೆಸಿದರು, ಮುಂದೆ ಸರ್ಕಾರಿ ನೌಕರಿ ಸಿಕ್ಕರೆ ನಿವೃತ್ತಿ ತಡವಾಗಲಿ ಅಂತ. ನಿವೃತ್ತಿಯ ಬಗ್ಗೆ ಅಷ್ಟು ಮುಂದಾಲೋಚನೆ ಮಾಡುವವರು ನೌಕರಿಗೆ ಮುಂಚೆ ಸೀಟು ಸಿಗಬೇಕು ಅನ್ನುವುದನ್ನು ಮರೆತೇಬಿಟ್ಟರೆ ಹೇಗೆ?

2021ರಲ್ಲಿ ವಯಸ್ಸಿನ ನಿಯಮ ತೆಗೆದರು. ಮೂವರು ಮೊದಲ ರ‍್ಯಾಂಕ್ ಹಂಚಿಕೊಂಡರು, ಭೂಮಿ ಬಿರಿಯಲಿಲ್ಲ. 2022ರಲ್ಲಿ ವಯಸ್ಸು ವಾಪಸ್ ಬಂತು, ಜತೆಗೆ ಹೊಸ ಗೆಳೆಯನನ್ನೂ ಕರೆದುಕೊಂಡು ಬಂತು. ಒಂದೇ ದಿನ ಹುಟ್ಟಿದವರಿದ್ದರೆ ಅರ್ಜಿ ಸಂಖ್ಯೆ ನೋಡುವುದು, ಚಿಕ್ಕ ಸಂಖ್ಯೆಗೆ ಮೊದಲ ಜಾಗ ಅನ್ನುವುದು ಆ ವರ್ಷದ ನಿಯಮ. ಚೀಟಿ ಎತ್ತಿ ಸೀಟು ಕೊಡುತ್ತೇವೆ ಅಂದಿದ್ದರೆ ಪೋಷಕರು ಕೋರ್ಟಿಗೆ ಹೋಗುತ್ತಿದ್ದರು. ವಯಸ್ಸೂ ಚೀಟಿಯೇ, ಎತ್ತಿದ್ದು ಹೆರಿಗೆ ವಾರ್ಡಿನಲ್ಲಿ ಅಷ್ಟೇ. ಅರ್ಜಿ ಸಂಖ್ಯೆಯ ಚೀಟಿ ಮಾತ್ರ ಊರಿನ ಸೈಬರ್ ಸೆಂಟರಿನವನ ಕೈಯಲ್ಲಿತ್ತು. ಅವತ್ತು ಕರೆಂಟ್ ಹೋಗಿ, ನಿಮ್ಮ ಮಗಳ ಫಾರಂ ಊಟ ಆದಮೇಲೆ ತುಂಬಿದ್ದರೆ, ಅವಳಿಗಿಂತ ಮುಂದೆ ನಿಂತವರು ಚೆನ್ನಾಗಿ ಓದಿದವರಲ್ಲ, ಜನರೇಟರ್ ಇದ್ದ ಊರಿನವರು.