ಗುಲಾಬಿ ಹೂಗಳ ಭಾರಕ್ಕೆ ಬಸವಳಿದ ಫೋನು

ಹೂವಿನ ಅಂಗಡಿಯಲ್ಲಿ ಮೊಳ ಮಲ್ಲಿಗೆ ಕೊಂಡು ಕ್ಯೂಆರ್ ಕೋಡಿಗೆ ಫೋನು ಹಿಡಿದವರು, ಕ್ಯಾಮೆರಾ ತೆರೆದುಕೊಳ್ಳುವಷ್ಟರಲ್ಲಿ ಊರಿನ ಸಮಾಚಾರವನ್ನೆಲ್ಲ ಕೇಳಿ ಮುಗಿಸುತ್ತಾರೆ. ಹಿಂದೆ ನಿಂತವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಮನೆಗೆ ಬಂದರೆ ಸಲಹೆಗಳಿಗೆ ಬರವಿಲ್ಲ. ಮೂರನೇ ಮಹಡಿಯ ಹುಡುಗ "ರೀಸೆಟ್ ಹೊಡೀರಿ ಸಾರ್" ಅನ್ನುತ್ತಾನೆ. ಅಂಗಡಿಯವನು "ಬೋರ್ಡ್ ಹೋಗಿರ್ಬೇಕು, ಬಿಟ್ಟು ಹೋಗಿ" ಅನ್ನುತ್ತಾನೆ. ಮಗಳು ಫೋನಿನಲ್ಲೇ "ಹೊಸದು ತಗೊಳ್ಳಿ ಅಪ್ಪಾ" ಅನ್ನುತ್ತಾಳೆ, ಅದೂ ತುಂಡು ತುಂಡಾಗಿ ಕೇಳಿಸುತ್ತದೆ. ಮೂವರ ಮಾತೂ ಸರಿಯಿರಬಹುದು. ಯಾರದ್ದು ಸರಿ ಎಂದು ಫೋನಿನ ಬಾಯಿಂದಲೇ ಹೇಳಿಸಬೇಕು.

ಒಬ್ಬ ನಿವೃತ್ತ ಮೇಷ್ಟ್ರ ಫೋನು ಅಂತಿಟ್ಟುಕೊಳ್ಳಿ. 2019ರ ಆಂಡ್ರಾಯ್ಡ್, 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆಗೆದು ನೋಡಿದರೆ ಲೆಕ್ಕ ಹೀಗಿದೆ: ಸಿಸ್ಟಮ್ 13 ಜಿಬಿ, ಆ್ಯಪ್‌ಗಳು 7, ಸ್ವಂತ ಕ್ಯಾಮೆರಾದ ಫೋಟೋಗಳು 2, ವಾಟ್ಸಾಪ್ ಒಂದೇ 9. ಉಳಿದಿರುವುದು ಒಂದು ಜಿಬಿ. ಆ ಒಂಬತ್ತರಲ್ಲಿ ಮುಕ್ಕಾಲು ಪಾಲು ಶುಭೋದಯದ ಗುಲಾಬಿ, ಕಾಫಿ ಲೋಟದ ಮೇಲೆ ಸುವಿಚಾರ, ಮತ್ತು ನಾಲ್ಕು ಗುಂಪುಗಳಿಂದ ನಾಲ್ಕು ಸಲ ಬಂದ ಒಂದೇ ವಿಡಿಯೋ.

ಜಾಗ ತುಂಬಿದರೆ ಫೋನು ಯಾಕೆ ತೆವಳಬೇಕು? ಒಳಗಿನ ಫ್ಲ್ಯಾಶ್ ಚಿಪ್‌ನಲ್ಲಿ ಹಳೆಯದರ ಮೇಲೆಯೇ ಹೊಸದನ್ನು ನೇರವಾಗಿ ಬರೆಯಲು ಬರುವುದಿಲ್ಲ. ಮೊದಲು ಒಂದು ದೊಡ್ಡ ತುಂಡನ್ನೇ ಅಳಿಸಿಕೊಳ್ಳಬೇಕು. ಖಾಲಿ ತುಂಡುಗಳಿದ್ದರೆ ಆ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಬರೆಯುವಾಗಲೂ ಇದ್ದದ್ದನ್ನು ಅತ್ತಿತ್ತ ಸರಿಸಿ ಜಾಗ ಮಾಡಬೇಕು. ಕಲ್ಯಾಣಮಂಟಪದಲ್ಲಿ ಎರಡನೇ ಪಂಕ್ತಿಯವರು ಎಲೆ ಎತ್ತುವುದಕ್ಕೆ ಕಾದು ನಿಂತ ಹಾಗೆ. ಅದಕ್ಕೇ ಶೇಕಡಾ 15ರಷ್ಟಾದರೂ, ಅಂದರೆ ಈ ಫೋನಿನಲ್ಲಿ 5 ಜಿಬಿ, ಖಾಲಿ ಇರಲಿ. ವಾಟ್ಸಾಪ್‌ನಲ್ಲಿ Settings > Storage and data > Manage storage ಒಳಗೆ ಹೋದರೆ 5 ಎಂಬಿಗಿಂತ ದೊಡ್ಡವು, ಪದೇ ಪದೇ ಫಾರ್ವರ್ಡ್ ಆದವು ಎಂದು ಬೇರೆಬೇರೆಯಾಗಿಯೇ ಜೋಡಿಸಿಟ್ಟಿರುತ್ತದೆ. ಅಲ್ಲೇ ಅಳಿಸಬಹುದು. "ರೀ, ನಮ್ಮ ಮೊಮ್ಮಗನ ನಾಮಕರಣದ್ದು ಹೋಗ್ಬಿಟ್ಟೀತು" ಎಂಬ ಎಚ್ಚರಿಕೆ ಅಡುಗೆಮನೆಯಿಂದ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಆರಿಸಿ ಅಳಿಸುವವರಿಗೆ ಗುಲಾಬಿಗೂ ಮೊಮ್ಮಗನಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಜಾಗ ಬಿಡಿಸಿದ ಮೇಲೂ ಫೋನು ತೂಕಡಿಸುತ್ತಿದ್ದರೆ ಮುಂದಿನ ಪರೀಕ್ಷೆ ಸೇಫ್ ಮೋಡ್. ಹೆಚ್ಚಿನ ಆಂಡ್ರಾಯ್ಡ್‌ಗಳಲ್ಲಿ ಪವರ್ ಬಟನ್ ಒತ್ತಿ, ಬರುವ Power off ಮೇಲೆ ಬೆರಳು ಒತ್ತಿ ಹಿಡಿದರೆ ಸೇಫ್ ಮೋಡಿಗೆ ಹೋಗಲೇ ಎಂದು ಕೇಳುತ್ತದೆ. ಅಲ್ಲಿ ನಾವು ಹಾಕಿಕೊಂಡ ಆ್ಯಪ್ ಒಂದೂ ಓಡುವುದಿಲ್ಲ. ಫೋನು ಅಲ್ಲಿ ಚುರುಕಾದರೆ ಕಳ್ಳ ಯಾವುದೋ ಆ್ಯಪ್. ಮೇಷ್ಟ್ರ ಫೋನಿನಲ್ಲಿ ಸಿಕ್ಕಿಬಿದ್ದದ್ದು "ಫೋನು ವೇಗ ಹೆಚ್ಚಿಸುವ" ಆ್ಯಪೇ. ಅದು ತೆರೆಯ ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ಕೊಲ್ಲುತ್ತದೆ, ಅವು ಮತ್ತೆ ಎದ್ದು ಕೂರುತ್ತವೆ, ಅದು ಮತ್ತೆ ಕೊಲ್ಲುತ್ತದೆ, ನಡುವೆ ಜಾಹೀರಾತು ತೋರಿಸುತ್ತದೆ. ಕಿತ್ತುಹಾಕಿ.

ಇಷ್ಟಾದ ಮೇಲೂ ಎರಡು ವಾರದಲ್ಲಿ ಮತ್ತೆ ಹಳೇ ರಾಗವೇ ಆದರೆ ರೀಸೆಟ್ಟಿನ ಮಾತು, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಕೊಂಡ ದಿನದ ಸ್ಥಿತಿಗೆ ತರುವುದು. ರೀಸೆಟ್ ಒಂದು ನಿಮಿಷದ ಕೆಲಸ, ಬ್ಯಾಕಪ್ ಅರ್ಧ ದಿನದ್ದು. ಅನಾಹುತಗಳೆಲ್ಲ ಆಗುವುದು ಈ ಅರ್ಧ ದಿನವನ್ನು ಹತ್ತು ನಿಮಿಷಕ್ಕೆ ಇಳಿಸಿದವರಿಗೆ.

ಮೊದಲು ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಇನ್ನೊಂದು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಲಾಗಿನ್ ಮಾಡಿಯೇ ನೋಡಿ. ಬಟನ್‌ಗಳನ್ನು ಒತ್ತಿ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಫೋನು ಎದ್ದ ಕೂಡಲೇ ಹಳೆಯ ಖಾತೆಯನ್ನೇ ಕೇಳುತ್ತದೆ. ಕದ್ದ ಫೋನಿಗೆಂದು ಇಟ್ಟ ಬೀಗ, ಮರೆತ ಮಾಲೀಕನನ್ನೂ ಕಳ್ಳನೆಂದೇ ತಿಳಿಯುತ್ತದೆ. ಪಾಸ್‌ವರ್ಡ್ ಈಗಷ್ಟೇ ಬದಲಿಸಿದ್ದರೆ ಒಂದು ದಿನ ಬಿಟ್ಟು ರೀಸೆಟ್ ಮಾಡಿ.

ನಂಬರುಗಳು ಕೆಲವು ಸಿಮ್‌ನಲ್ಲಿ, ಕೆಲವು ಫೋನಿನಲ್ಲಿ, ಕೆಲವು ಖಾತೆಯಲ್ಲಿ ಚದುರಿರುತ್ತವೆ. ಕಂಪ್ಯೂಟರಿನಲ್ಲಿ contacts.google.com ತೆರೆದು ಹಾಲಿನವನ ನಂಬರು ಅಲ್ಲಿದೆಯೇ ನೋಡಿದರೆ ನಿಜ ಗೊತ್ತಾಗುತ್ತದೆ. ಗೂಗಲ್ ಫೋಟೋಸ್ ಸಾಮಾನ್ಯವಾಗಿ ಕ್ಯಾಮೆರಾ ಫೋಲ್ಡರನ್ನಷ್ಟೇ ಮೇಲಕ್ಕೆ ಕಳಿಸುತ್ತದೆ. ವಾಟ್ಸಾಪ್‌ನಲ್ಲಿ ಬಂದ ನಾಮಕರಣ ಅದರಲ್ಲಿ ಸೇರಿಲ್ಲ, ಆ ಫೋಲ್ಡರನ್ನು ನಾವೇ ಆನ್ ಮಾಡಬೇಕು. ಉಚಿತ 15 ಜಿಬಿಯನ್ನು ಜಿಮೇಲ್, ಫೋಟೋಸ್, ವಾಟ್ಸಾಪ್ ಬ್ಯಾಕಪ್ ಮೂರೂ ಹಂಚಿಕೊಳ್ಳುವುದರಿಂದ ಗುಲಾಬಿಗಳನ್ನು ಮೊದಲೇ ಅಳಿಸಿದ್ದು ಇಲ್ಲಿ ಉಪಕಾರಕ್ಕೆ ಬರುತ್ತದೆ.

ವಾಟ್ಸಾಪ್‌ನಲ್ಲಿ Settings > Chats > Chat backup ತೆರೆದು Back up ಒತ್ತಿ, ಬ್ಯಾಕಪ್ಪಿನ ಇವತ್ತಿನ ಸಮಯ ಕಾಣುವವರೆಗೂ ಕಾಯಿರಿ. ಬ್ಯಾಕಪ್ಪಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಎಂಬ ಬೀಗ ಹಾಕಿದ್ದರೆ ಅದರ ಪಾಸ್‌ವರ್ಡ್ ಇಲ್ಲದೆ ವಾಟ್ಸಾಪ್ ಕಂಪನಿಯೂ ಅದನ್ನು ಬಿಚ್ಚಿಕೊಡಲಾರದು. ಈ ಬ್ಯಾಕಪ್ ಹೋಗಿ ಕೂರುವ ಗೂಗಲ್ ಡ್ರೈವ್ ಮೇಲೆ ನಂಬಿಕೆ ಸಾಲದಿದ್ದರೆ ಕೇಬಲ್ ಹಾಕಿ, File transfer ಆರಿಸಿ, ಈ ಫೋಲ್ಡರುಗಳನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ:

```
DCIM
Pictures
Download
Android/media/com.whatsapp
```

ನಕಲಾದ ಮೇಲೆ ಹತ್ತು ಫೋಟೋ ತೆರೆದು ನೋಡಿ. ಫೈಲಿನ ಹೆಸರಿದ್ದ ಮಾತ್ರಕ್ಕೆ ಒಳಗೆ ಚಿತ್ರ ಇದೆ ಎಂದಲ್ಲ. ಬ್ಯಾಂಕ್, ಯುಪಿಐ ಆ್ಯಪ್‌ಗಳ ನೋಂದಣಿಯನ್ನು ಯಾವ ಬ್ಯಾಕಪ್ಪೂ ಹೊತ್ತು ತರುವುದಿಲ್ಲ. ನೋಂದಾಯಿತ ಸಿಮ್‌ನಿಂದ ಎಸ್ಸೆಮ್ಮೆಸ್ ಹೋಗಿ ಮತ್ತೆ ನೋಂದಣಿಯಾಗಬೇಕು. ಹಾಗಾಗಿ ಸಿಮ್‌ನಲ್ಲಿ ಎಸ್ಸೆಮ್ಮೆಸ್ ಕಳಿಸುವ ಪ್ಯಾಕ್ ಇರಲಿ, ಮತ್ತು ಹಬ್ಬದ ಹಿಂದಿನ ದಿನ ಈ ಸಾಹಸ ಬೇಡ. ಮೆಮೊರಿ ಕಾರ್ಡನ್ನು ಹೊರಗೆ ತೆಗೆದಿಡಿ. ಆದರೆ ಅದನ್ನು ಇಂಟರ್ನಲ್ ಸ್ಟೋರೇಜ್ ಆಗಿ ಫಾರ್ಮ್ಯಾಟ್ ಮಾಡಿದ್ದರೆ ತೆಗೆದಿಟ್ಟೂ ಪ್ರಯೋಜನವಿಲ್ಲ. ಅದರ ಬೀಗದ ಕೀಲಿ ಫೋನಿನೊಳಗಿದೆ, ರೀಸೆಟ್ಟಿನ ಜೊತೆ ಕೀಲಿಯೂ ಹೋಗುತ್ತದೆ. ಅದರಲ್ಲಿರುವುದನ್ನು ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಫೋನನ್ನು ಚಾರ್ಜ್ ಮಾಡಿ, ಸೆಟ್ಟಿಂಗ್ಸ್ ಒಳಗಿನಿಂದಲೇ ರೀಸೆಟ್ ಮಾಡಿ. ಎದ್ದ ಮೇಲೆ ಎಲ್ಲರೂ ಎಡವುವುದು ಒಂದೇ ಕಡೆ: ಹಳೆಯ ಅರವತ್ತು ಆ್ಯಪ್‌ಗಳನ್ನೂ ಒಟ್ಟಿಗೆ ವಾಪಸು ತರಿಸಿಕೊಂಡು, "ಏನೂ ವ್ಯತ್ಯಾಸ ಇಲ್ವಲ್ಲ" ಅನ್ನುವುದು. ಮೊದಲು ಏನೂ ಹಾಕದೆ ಅರ್ಧ ಗಂಟೆ ಬಳಸಿ ನೋಡಿ. ಖಾಲಿ ಫೋನೇ ತೆವಳಿದರೆ, ತೆಗೆದ ಫೋಟೋ ಮಾಯವಾದರೆ, ತಾನಾಗಿ ರೀಸ್ಟಾರ್ಟ್ ಆದರೆ ಸ್ಟೋರೇಜ್ ಚಿಪ್ ಸವೆದಿರಬಹುದು. ಅದನ್ನು ಬೋರ್ಡಿನಿಂದ ಬಿಡಿಸಿ ಬೇರೆ ಕೂರಿಸುವ ಖರ್ಚು ಈ ವಯಸ್ಸಿನ ಫೋನಿಗೆ ದಂಡ.

ರಿಪೇರಿಗೆ ಅರ್ಹವಾದದ್ದು ಬ್ಯಾಟರಿ. 30 ಶೇಕಡಾ ತೋರಿಸುತ್ತಲೇ ಕ್ಯಾಮೆರಾ ತೆರೆದ ಕೂಡಲೇ ಫೋನು ಆರಿದರೆ, ಸವೆದ ಬ್ಯಾಟರಿ ಹಠಾತ್ ಬೇಡಿಕೆಯ ಕರೆಂಟ್ ಕೊಡಲಾರದೆ ಕೈಚೆಲ್ಲಿದೆ ಎಂದರ್ಥ. ಹಿಂದಿನ ಕವಚ ಉಬ್ಬಿದ್ದರೆ ಬ್ಯಾಕಪ್ಪಿಗೂ ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲೂ ಹೋಗಬೇಡಿ, ನೇರ ಅಂಗಡಿಗೆ ಒಯ್ಯಿರಿ. ರಿಪೇರಿ ಖರ್ಚು ಅಂಥದೇ ಹೊಸ ಫೋನಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಮೇಷ್ಟ್ರ ಫೋನು ರೀಸೆಟ್ ಆಗಿ ಎಂಟು ಆ್ಯಪ್‌ಗಳೊಂದಿಗೆ ಲವಲವಿಕೆಯಿಂದಿದೆ. ಹಾಗಾದರೆ ಹೊಸದು ಬೇಡವೇ? ಸೆಟ್ಟಿಂಗ್ಸ್‌ನಲ್ಲಿ Android security update ಎದುರಿನ ತಾರೀಖು 2021 ಎನ್ನುತ್ತಿದೆ. ಅದರ ಆಚೆಗೆ ಬಯಲಾದ ಭದ್ರತಾ ಲೋಪಗಳಿಗೆ ಈ ಫೋನಿನಲ್ಲಿ ತೇಪೆಯಿಲ್ಲ, ರೀಸೆಟ್ ಅದನ್ನು ತಂದುಕೊಡುವುದೂ ಇಲ್ಲ. ಪಿಂಚಣಿ ಬರುವ ಖಾತೆ ಇದರಲ್ಲಿರುವುದು ಬೇಡ. ಬ್ಯಾಂಕು, ಯುಪಿಐ, ಆ ಸಿಮ್ ಹೊಸ ಫೋನಿಗೆ ಹೋಗಲಿ. ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಬದಲು ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ, 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜಿಗಿಂತ ಕೆಳಗೆ ಇಳಿಯಬೇಡಿ. ಹಳೆಯದು ಮನೆಯ ವೈಫೈನಲ್ಲಿ ಭಜನೆ, ಕ್ರಿಕೆಟ್ ಹಾಡಿಕೊಂಡಿರಲಿ. ಹೊಸದರಲ್ಲಿ ವಾಟ್ಸಾಪ್ ಹಾಕಿದ ಮೊದಲ ನಿಮಿಷದಲ್ಲೇ Media auto-download ಪಟ್ಟಿಯ ಟಿಕ್ ಗುರುತುಗಳನ್ನೆಲ್ಲ ತೆಗೆದುಬಿಡಿ. ಬೆಳಿಗ್ಗೆ ಐದೂವರೆಗೆ ಗುಲಾಬಿ ಕಳಿಸುವ ಷಡ್ಡಕರಿಗೆ ಇದು ಗೊತ್ತಾಗುವುದಿಲ್ಲ.