ಸತ್ಯಾಂಶ: ಖರ್ಚಿನ ಮೇಲೆ 20% ಇಟ್ಟರೆ ನಷ್ಟವಿಲ್ಲವೇ?

"ಬಾಡಿಗೆ, ಸಂಬಳ ಎಲ್ಲ ಸೇರಿಸಿ ಒಟ್ಟು ಖರ್ಚು ತೆಗೆಯಿರಿ, ಮೇಲೆ 20% ಇಡಿ. ನಷ್ಟ ಆಗೋದೇ ಇಲ್ಲ."

ಅಣ್ಣ, ಇದು ನಿಜವಲ್ಲ. ಬಾಡಿಗೆಯನ್ನು ಎಷ್ಟು ಪ್ಯಾಕೆಟ್‌ಗೆ ಹಂಚುತ್ತೀರಿ ಎನ್ನುವುದರಲ್ಲೇ ಎಡವಟ್ಟಿದೆ.

ತೀರ್ಥಹಳ್ಳಿಯ ನಿಮ್ಮ ಹಲಸಿನ ಹಪ್ಪಳವನ್ನೇ ಉದಾಹರಣೆಗೆ ಹಿಡಿಯೋಣ. ಒಂದು ಪ್ಯಾಕೆಟ್ ತರಲು 60 ರೂಪಾಯಿ. ಬಾಡಿಗೆ, ಸಂಬಳ, ಕರೆಂಟ್ ಸೇರಿ ತಿಂಗಳಿಗೆ 30,000. ಸೀಸನ್‌ನಲ್ಲಿ 1,000 ಪ್ಯಾಕೆಟ್ ಹೋದರೆ ಒಟ್ಟು ಖರ್ಚು ತಲಾ 90, ಮಾರಾಟದ ಬೆಲೆ 108.

ಮಳೆಗಾಲದಲ್ಲಿ 500 ಮಾತ್ರ ಹೋಗುತ್ತದೆ ಅನ್ನಿ. ಈಗ ತಲಾ ಖರ್ಚು 120. ಸೂತ್ರ ಹೇಳುವ ಬೆಲೆ 144! ಗಿರಾಕಿ ಕಡಿಮೆ ಆದಾಗಲೇ ಬೆಲೆ ಏರುತ್ತದೆ, ವಿಚಿತ್ರ ಅಲ್ವಾ? ಆ ಬೆಲೆಗೆ 250 ಮಾತ್ರ ಹೋದರೆ ಬಾಡಿಗೆ-ಸಂಬಳಕ್ಕೆ ಸಿಗುವುದು 21,000. 108ಕ್ಕೇ 500 ಮಾರಿದ್ದರೆ 24,000 ಸಿಗುತ್ತಿತ್ತು. ಸೂತ್ರವನ್ನೇ ನಂಬಿದರೆ ಮುಂದಿನ ತಿಂಗಳ ಬೆಲೆ 216.

ಅದೇ ಮಳೆಗಾಲದಲ್ಲಿ ಒಂದು ಹೋಂಸ್ಟೇಯವರು 80ರಂತೆ 200 ಪ್ಯಾಕೆಟ್ ಕೇಳಿದರೆ? ಸೂತ್ರದ ಪ್ರಕಾರ ತಲಾ 40 ನಷ್ಟ. ನಿಜದಲ್ಲಿ ಪ್ಯಾಕೆಟ್‌ಗೆ 20 ಉಳಿಯುತ್ತದೆ, ಒಟ್ಟು 4,000. ಬಾಡಿಗೆ ಹೇಗೂ ಕಟ್ಟಲೇಬೇಕಲ್ಲ.

ಹಾಗಂತ 80ನ್ನೇ ಎಲ್ಲರಿಗೂ ಕೊಡಬೇಡಿ. 20ರಂತೆ 30,000 ಹುಟ್ಟಲು 1,500 ಪ್ಯಾಕೆಟ್ ಹೋಗಬೇಕು, ಅದು ಸೀಸನ್‌ನಲ್ಲೂ ಆಗದ ಮಾತು. ಅಂಗಡಿಗೆ ಬರುವ ಗಿರಾಕಿಗಳೇ ಹೋಂಸ್ಟೇ ಮೂಲಕ ಅಗ್ಗಕ್ಕೆ ಕೊಳ್ಳುವಂತಿದ್ದರೂ ಆ ಆರ್ಡರ್ ಬೇಡ. ಬೆಲೆ ಇಡುವಾಗ ಮೊದಲು 60 ನೋಡಿ, ಆಮೇಲೆ ಪಕ್ಕದ ಅಂಗಡಿಯ ಬೆಲೆ. 30,000ವನ್ನು ಇಡೀ ವರ್ಷದ ಲೆಕ್ಕದಲ್ಲಿ ನೋಡಿ.